ಶಾಲಾ ಶುಲ್ಕ: ಮುಂಗಡ ಮತ್ತು ಬಾಕಿಯ ಲೆಕ್ಕ

ಮುಂದಿನ ಅವಧಿಯ ಪಾಠಕ್ಕೆಂದು ಪೋಷಕರು ಈಗಲೇ ಕಟ್ಟಿದ ಹಣ ಮುಂಗಡ ಶುಲ್ಕ. ಪಾಠ ನಡೆದುಹೋಗಿದ್ದರೂ ಇನ್ನೂ ಕೈಗೆ ಬಾರದ ಹಣ ಬಾಕಿ ಶುಲ್ಕ. ಮುಂಗಡ ಶಾಲೆಯ ಮೇಲಿರುವ ಹೊಣೆ, ಏಕೆಂದರೆ ಆ ಹಣಕ್ಕೆ ಶಾಲೆ ಇನ್ನೂ ಪಾಠ ಹೇಳಬೇಕಾಗಿದೆ. ಹೇಳಲಾಗದಿದ್ದರೆ ಹಣ ಹಿಂದಿರುಗಿಸಬೇಕು. ಬಾಕಿ ಶಾಲೆಗೆ ಸೇರಬೇಕಾದ ಆಸ್ತಿ. ಅಡಾವೆ ಪತ್ರಿಕೆಯಲ್ಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಕೂರುತ್ತದೆ. ಇಷ್ಟನ್ನು ಪಿಯುಸಿ ವಾಣಿಜ್ಯ ವಿಭಾಗದ ಯಾವ ವಿದ್ಯಾರ್ಥಿಯೂ ಹೇಳಬಲ್ಲ. ತೊಡಕು ಇರುವುದು ಶಾಲೆಯ ಕೌಂಟರಿನಲ್ಲಿ. ಅಲ್ಲಿ ಎರಡೂ ಒಂದೇ ಕಿಟಕಿಯಿಂದ ಬರುತ್ತವೆ, ಒಂದೇ ರಸೀದಿ ಪುಸ್ತಕದಲ್ಲಿ ದಾಖಲಾಗುತ್ತವೆ, ಎಷ್ಟೋ ಸಲ ಒಂದೇ ಮಗುವಿನ ಹೆಸರಿನಲ್ಲಿ ಒಂದೇ ದಿನ ಬರುತ್ತವೆ. ಒಂದರಲ್ಲಿ ಇನ್ನೊಂದು ಕರಗಿಹೋಗದಂತೆ ಬರೆದಿಡುವುದು ಹೇಗೆ ಎಂಬುದು ಈ ಲೇಖನದ ವಿಷಯ. ಉದಾಹರಣೆಗಳನ್ನು ಕರ್ನಾಟಕದ ಅನುದಾನರಹಿತ ಖಾಸಗಿ ಶಾಲೆಗಳ ಪದ್ಧತಿಯಿಂದ ಆಯ್ದುಕೊಳ್ಳಲಾಗಿದೆ.

ಎರಡು ವರ್ಷಗಳ ನಡುವಿನ ಸಂದು

ಶಾಲೆಯ ವರ್ಷ ಬೇರೆ, ಲೆಕ್ಕದ ವರ್ಷ ಬೇರೆ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಬಾಗಿಲು ತೆರೆದು, ದಸರಾ ರಜೆಯ ಹೊತ್ತಿಗೆ ಮೊದಲ ಅವಧಿ ಮುಗಿಸಿ, ಏಪ್ರಿಲ್ ಎರಡನೇ ವಾರದ ಸುಮಾರಿಗೆ ಎರಡನೆಯದನ್ನೂ ಮುಗಿಸುತ್ತವೆ. ಲೆಕ್ಕದ ವರ್ಷ ಮಾತ್ರ ಮಾರ್ಚ್ 31ಕ್ಕೇ ಮುಗಿಯುತ್ತದೆ. ಆಗ ಪರೀಕ್ಷೆಗಳು ನಡೆಯುತ್ತಿರುತ್ತವೆ, ಎರಡನೇ ಕಂತು ಕಟ್ಟದವರು ಇನ್ನೂ ಇರುತ್ತಾರೆ. ಮುಂದಿನ ವರ್ಷಕ್ಕೆ ಸೀಟು ಖಾತ್ರಿ ಮಾಡಿಕೊಳ್ಳುವವರೂ ಅದೇ ವಾರ ಸಾಲಿನಲ್ಲಿ ನಿಲ್ಲುತ್ತಾರೆ. ಹೀಗಾಗಿ ಮುಂಗಡ ಮತ್ತು ಬಾಕಿ ಎರಡೂ ತಮ್ಮ ಗರಿಷ್ಠ ಮಟ್ಟ ಮುಟ್ಟುವ ದಿನವೇ ಪುಸ್ತಕ ಮುಚ್ಚಬೇಕಾಗುತ್ತದೆ. ಅಕ್ಟೋಬರಿನಲ್ಲಿ ಇದೇ ಲೆಕ್ಕ ಮಾಡಿದರೆ ಮುಂಗಡ ಬಹುಪಾಲು ಸೊನ್ನೆ.

ಆದಾಯವನ್ನು ಯಾವ ವರ್ಷಕ್ಕೆ ಬರೆಯಬೇಕು ಎಂಬುದಕ್ಕೆ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ 9ನೇ ಲೆಕ್ಕ ಮಾನದಂಡದಲ್ಲಿ ಉತ್ತರವಿದೆ. ಆದಾಯವನ್ನು ಗುರುತಿಸುವ ಬಗ್ಗೆ 1985ರಲ್ಲಿ ಬಂದ ಈ ಮಾನದಂಡದ ಅನುಬಂಧ ಬೋಧನಾ ಶುಲ್ಕವನ್ನು ಹೆಸರಿಸಿಯೇ, ಅದನ್ನು ಬೋಧನೆ ನಡೆಯುವ ಅವಧಿಗೆ ಹಂಚಿ ಆದಾಯವೆಂದು ತೋರಿಸಬೇಕು ಎನ್ನುತ್ತದೆ. ಹಣ ಬಂದ ದಿನವಾಗಲಿ, ರಸೀದಿ ಹರಿದ ದಿನವಾಗಲಿ ಇಲ್ಲಿ ಲೆಕ್ಕಕ್ಕಿಲ್ಲ. ಮಾರ್ಚ್‌ನಲ್ಲಿ ಬಂದ ಜೂನ್ ತಿಂಗಳ ಶುಲ್ಕ ಜೂನ್‌ನದೇ, ಜನವರಿಯ ಶುಲ್ಕ ಜುಲೈನಲ್ಲಿ ಬಂದರೂ ಜನವರಿಯದೇ.

ಅಕ್ಷರಶಃ ಹೋದರೆ ಏಪ್ರಿಲ್ ಮೊದಲ ಹತ್ತು ದಿನಗಳ ಪಾಠದ ಪಾಲನ್ನೂ ಮುಂದಿನ ವರ್ಷಕ್ಕೆ ಕಳಿಸಬೇಕಾಗುತ್ತದೆ. ವರ್ಷಕ್ಕೆ 24,000 ರೂಪಾಯಿ ಶುಲ್ಕ, ಸುಮಾರು ಹತ್ತು ತಿಂಗಳ ಬೋಧನೆ ಎಂದಿಟ್ಟುಕೊಂಡರೆ ಹತ್ತು ದಿನಕ್ಕೆ ಮಗುವೊಂದಕ್ಕೆ 800 ರೂಪಾಯಿ. ಇನ್ನೂರು ಮಕ್ಕಳಿದ್ದರೆ 1,60,000. ಮೊತ್ತ ಚಿಕ್ಕದಲ್ಲ. ಆದರೆ ಪ್ರತಿ ವರ್ಷವೂ ಒಂದು ತುದಿಯಲ್ಲಿ ಇಷ್ಟು ಹೊರಗೆ ಹೋದರೆ ಇನ್ನೊಂದು ತುದಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಒಳಗೆ ಬರುತ್ತದೆ. ಆದ್ದರಿಂದ ಬಹುಪಾಲು ಶಾಲೆಗಳು ಶೈಕ್ಷಣಿಕ ವರ್ಷದ ಇಡೀ ಶುಲ್ಕವನ್ನು ಮಾರ್ಚ್‌ಗೆ ಮುಗಿಯುವ ವರ್ಷಕ್ಕೇ ಬರೆಯುತ್ತವೆ. ಮಕ್ಕಳ ಸಂಖ್ಯೆಯೋ ಶುಲ್ಕವೋ ಒಮ್ಮೆಗೇ ಏರಿಳಿಯದಿದ್ದರೆ, ಮತ್ತು ಪ್ರತಿವರ್ಷ ಅದೇ ಪದ್ಧತಿ ಇಟ್ಟುಕೊಂಡರೆ, ಇದರಿಂದ ಕೆಡುಕಿಲ್ಲ. ಹೊಸದಾಗಿ ಶುರುವಾದ ಶಾಲೆಗೆ ಈ ಸಮಾಧಾನ ಸಲ್ಲದು. ಅದಕ್ಕೆ ಒಳಗೆ ಬರುವ ತುದಿಯೇ ಇಲ್ಲ.

ಬೇಡಿಕೆ ವಹಿಯಲ್ಲಿ ಇಲ್ಲದ ಕಾಲಂ

ಕರ್ನಾಟಕದ ಶಾಲಾ ಕಚೇರಿಗಳಲ್ಲಿ ಶುಲ್ಕದ ಮೂಲ ದಾಖಲೆ ಡಿಸಿಬಿ ವಹಿ, ಅಂದರೆ ಬೇಡಿಕೆ, ವಸೂಲಿ, ಬಾಕಿಗಳ ಪುಸ್ತಕ. ಗ್ರಾಮ ಪಂಚಾಯಿತಿಯ ಮನೆ ತೆರಿಗೆಗೂ ನೀರಿನ ಕರಕ್ಕೂ ಇದೇ ನಮೂನೆಯಿದೆ. ಪ್ರತಿ ಮಗುವಿಗೆ ಒಂದು ಸಾಲು. ಹಿಂದಿನ ಬಾಕಿ, ಈ ಸಾಲಿನ ಬೇಡಿಕೆ, ರಿಯಾಯಿತಿ, ವಸೂಲಿ, ಉಳಿದ ಬಾಕಿ. ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುವ ಈ ಪುಸ್ತಕದಲ್ಲಿ ಒಂದು ಕೊರತೆಯಿದೆ. ತೆರಿಗೆಯನ್ನು ಯಾರೂ ಬೇಡಿಕೆ ಬರುವ ಮೊದಲೇ ಕಟ್ಟಲು ಹಾತೊರೆಯುವುದಿಲ್ಲವಾದ್ದರಿಂದಲೋ ಏನೋ, ಮುಂಗಡಕ್ಕೆ ಕಾಲಂ ಇಲ್ಲ.

ಕಾಲಂ ಇಲ್ಲದ ಹಣ ಹತ್ತಿರದ ಕಾಲಂಗೆ ಹೋಗುತ್ತದೆ. ಮಾರ್ಚ್‌ನಲ್ಲಿ ಮುಂದಿನ ಕಂತು ಬಂದರೆ ಗುಮಾಸ್ತರು ಅದನ್ನು ವಸೂಲಿಗೆ ಬರೆಯುತ್ತಾರೆ. ವಸೂಲಿ ಬೇಡಿಕೆಯನ್ನು ಮೀರುತ್ತದೆ, ಬಾಕಿ ಕಾಲಂನಲ್ಲಿ ಋಣ ಚಿಹ್ನೆಯ ಅಂಕಿ ಕೂರುತ್ತದೆ. ಮೂರೇ ಮಕ್ಕಳ ಒಂದು ಪುಟ ನೋಡಿ. ವಾರ್ಷಿಕ ಶುಲ್ಕ 24,000, ಮುಂದಿನ ವರ್ಷದ ಮೊದಲ ಕಂತು 13,000.

| ಮಗು | ಬೇಡಿಕೆ | ವಸೂಲಿ | ಬಾಕಿ |
|---|---|---|---|
| ಮೊದಲನೆಯದು | 24,000 | 37,000 | −13,000 |
| ಎರಡನೆಯದು | 24,000 | 12,000 | 12,000 |
| ಮೂರನೆಯದು | 24,000 | 22,000 | 2,000 |
| ಒಟ್ಟು | 72,000 | 71,000 | 1,000 |

ಪುಟದ ಕೆಳಗಿನ ಮೊತ್ತ ಓದಿದ ಆಡಳಿತ ಮಂಡಳಿಗೆ ಬರಬೇಕಾದದ್ದು ಬರೀ ಸಾವಿರ ರೂಪಾಯಿ ಎನಿಸುತ್ತದೆ. ನಿಜವಾಗಿ ಬರಬೇಕಾದದ್ದು 14,000. ಮೊದಲನೆಯ ಮಗುವಿನ ತಂದೆ ಮುಂದಿನ ಜೂನ್‌ಗೆಂದು ಕಟ್ಟಿದ ದುಡ್ಡು ಎರಡನೆಯ ಮಗುವಿನ ಬಾಕಿಯನ್ನು ನುಂಗಿಹಾಕಿದೆ. ಕೂಡಿಕೆಯಲ್ಲಿ ಎಲ್ಲೂ ತಪ್ಪಿಲ್ಲ. ಆದ್ದರಿಂದಲೇ ಮೊತ್ತ ತಾಳೆ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಪರಿಹಾರ ಸರಳ. ವಹಿಗೆ ಎರಡು ಕಾಲಂ ಸೇರಿಸಬೇಕು: ವರ್ಷದ ಆರಂಭದಲ್ಲಿ ಕೈಲಿದ್ದ ಮುಂಗಡ, ವರ್ಷದ ಕೊನೆಯಲ್ಲಿ ಮುಂದಕ್ಕೆ ಒಯ್ಯುವ ಮುಂಗಡ. ಬಾಕಿ ಕಾಲಂನಲ್ಲಿ ಋಣ ಅಂಕಿ ಬರೆಯುವುದನ್ನು ಪೂರ್ತಿ ನಿಲ್ಲಿಸಬೇಕು. ಹೀಗೆ ಮಾಡಿದ ಶಾಲೆಯಲ್ಲಿ ವರ್ಷಾಂತ್ಯದ ಹೊಂದಾಣಿಕೆ ಅರ್ಧ ದಿನದ ಕೆಲಸ. ಮಾಡದ ಕಡೆ ಆಡಿಟರ್ ಬಂದು ಕೂತ ಮೇಲೆ ಒಂದೊಂದೇ ಸಾಲನ್ನು ಬೇರೆ ಮಾಡಬೇಕಾಗುತ್ತದೆ.

ಕಂಪ್ಯೂಟರ್ ಬಂದ ಮೇಲೂ ಈ ಜಾಯಮಾನ ಹೋಗಿಲ್ಲ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಟ್ಯಾಲಿ ಕಂಪನಿಯ ತಂತ್ರಾಂಶವನ್ನು ಬಳಸುವ ಶಾಲೆಗಳು ಮಕ್ಕಳ ಖಾತೆಗಳನ್ನು ಸಾಮಾನ್ಯವಾಗಿ `Sundry Debtors` ಗುಂಪಿನಡಿ ತೆರೆಯುತ್ತವೆ. ಕೆಲವು ಮಕ್ಕಳ ಖಾತೆಯಲ್ಲಿ ಡೆಬಿಟ್ ಶಿಲ್ಕು, ಕೆಲವರದರಲ್ಲಿ ಕ್ರೆಡಿಟ್ ಶಿಲ್ಕು ಇದ್ದರೆ ಗುಂಪಿನ ಮೊತ್ತದಲ್ಲಿ ಅವೆರಡೂ ಒಂದರಲ್ಲೊಂದು ಕಳೆದುಹೋಗಿ ನಿವ್ವಳ ಅಂಕಿ ಮಾತ್ರ ಉಳಿಯುತ್ತದೆ. ಇದು ಹಳೆಯ ವಹಿಯ ಋಣ ಚಿಹ್ನೆಯೇ, ವೇಷ ಮಾತ್ರ ಬೇರೆ. ರಸೀದಿ ನಮೂದಿಸುವಾಗ ಬಿಲ್ಲುವಾರು ವಿವರದಲ್ಲಿ `Advance`, `Agst Ref`, `New Ref`, `On Account` ಎಂಬ ನಾಲ್ಕು ಆಯ್ಕೆಗಳು ಸಿಗುತ್ತವೆ. ಮುಂದಿನ ಕಂತಿಗೆ ಮೊದಲನೆಯದು, ಈಗಾಗಲೇ ಎತ್ತಿದ ಬೇಡಿಕೆಗೆ ಎರಡನೆಯದು. ಅವಸರದ ಗುಮಾಸ್ತರು ಎಲ್ಲಕ್ಕೂ `On Account` ಒತ್ತಿಬಿಟ್ಟರೆ ಯಾವ ಹಣ ಯಾವ ಕಂತಿನದು ಎಂದು ಆಮೇಲೆ ತಂತ್ರಾಂಶಕ್ಕೂ ಗೊತ್ತಾಗುವುದಿಲ್ಲ.

ನಮೂದುಗಳ ಕ್ರಮ

ಮೂರು ಖಾತೆಗಳು ಸಾಕು: ಶುಲ್ಕ ಆದಾಯ ಖಾತೆ, ಶುಲ್ಕ ಬಾಕಿ ಖಾತೆ, ಮುಂಗಡ ಶುಲ್ಕ ಖಾತೆ. ಮುಂಗಡ ಬಂದ ದಿನ ಬ್ಯಾಂಕ್ ಅಥವಾ ನಗದು ಖಾತೆಗೆ ಡೆಬಿಟ್, ಮುಂಗಡ ಶುಲ್ಕ ಖಾತೆಗೆ ಕ್ರೆಡಿಟ್. ಆದಾಯ ಖಾತೆಯನ್ನು ಈ ಹಂತದಲ್ಲಿ ಮುಟ್ಟುವಂತಿಲ್ಲ. ಅವಧಿ ಶುರುವಾದ ದಿನ ಎಲ್ಲ ಮಕ್ಕಳ ಬೇಡಿಕೆಯನ್ನೂ ಎತ್ತಬೇಕು; ಶುಲ್ಕ ಬಾಕಿ ಖಾತೆಗೆ ಡೆಬಿಟ್, ಶುಲ್ಕ ಆದಾಯ ಖಾತೆಗೆ ಕ್ರೆಡಿಟ್. ಅದೇ ದಿನ, ಮೊದಲೇ ಕಟ್ಟಿದ್ದವರ ಮಟ್ಟಿಗೆ ಮುಂಗಡ ಶುಲ್ಕ ಖಾತೆಗೆ ಡೆಬಿಟ್ ಮಾಡಿ ಶುಲ್ಕ ಬಾಕಿ ಖಾತೆಗೆ ಕ್ರೆಡಿಟ್ ಕೊಡಬೇಕು. ಅಲ್ಲಿಗೆ ಮುಂಗಡದ ಹೊಣೆ ತೀರುತ್ತದೆ, ಆ ಮಗುವಿನ ಬಾಕಿಯೂ ತೀರುತ್ತದೆ. ಆಮೇಲೆ ಬರುವ ಹಣವೆಲ್ಲ ಬಾಕಿ ಖಾತೆಗೆ ಜಮೆಯಾಗುತ್ತಾ ಹೋಗುತ್ತದೆ.

ಬೇಡಿಕೆಯನ್ನು ಮೊದಲು ಎತ್ತಿ, ಮುಂಗಡವನ್ನು ಅದಕ್ಕೆ ಆಮೇಲೆ ಹೊಂದಿಸುವ ಈ ಅನುಕ್ರಮ ಸುಮ್ಮನೆ ಹೇಳಿದ್ದಲ್ಲ. ಮುಂಗಡವನ್ನು ನೇರವಾಗಿ ಆದಾಯಕ್ಕೆ ವರ್ಗಾಯಿಸಿ, ಉಳಿದವರಿಗೆ ಮಾತ್ರ ಬೇಡಿಕೆ ಎತ್ತಿದರೂ ಆದಾಯದ ಮೊತ್ತ ಸರಿಯಾಗಿಯೇ ಬರುತ್ತದೆ. ಆದರೆ ಬೇಡಿಕೆಯ ಮೊತ್ತ ಹಾಜರಿ ಪುಸ್ತಕದ ಮಕ್ಕಳ ಸಂಖ್ಯೆಗೆ ತಾಳೆಯಾಗುವುದಿಲ್ಲ. ಶಾಲೆಯ ಲೆಕ್ಕದಲ್ಲಿ ಹಣಕ್ಕೆ ಸಂಬಂಧಿಸದ ಒಂದು ಸಾಕ್ಷಿಯೆಂದರೆ ಹಾಜರಿ ಪುಸ್ತಕ. ಅದನ್ನು ಕೈಬಿಡುವುದು ಜಾಣತನವಲ್ಲ.

ಎಲ್ಲ ಹಣವೂ ಈ ಮೂರು ಖಾತೆಗಳಿಗೆ ಹೋಗುವಂಥದ್ದಲ್ಲ. ಮಗು ಶಾಲೆ ಬಿಡುವಾಗ ಹಿಂದಿರುಗಿಸುವ ಠೇವಣಿ ಮುಂಗಡ ಶುಲ್ಕವಾಗದು. ಅದು ಎಂದಿಗೂ ಆದಾಯವಾಗುವುದಿಲ್ಲ, ಅದರ ಖಾತೆ ಬೇರೆ. ಯಾರು ಹಾಕಿದರೆಂದು ತಿಳಿಯದೆ ಬ್ಯಾಂಕಿಗೆ ಬಂದುಬಿದ್ದ ಯುಪಿಐ ಹಣವನ್ನು ಅನಾಮತ್ತು ಖಾತೆಯಲ್ಲಿಡಬೇಕು. ಅದನ್ನು ಮುಂಗಡ ಎಂದು ಬರೆದುಕೊಳ್ಳುವ ಚಾಳಿ ಹಲವು ಕಡೆ ಇದೆ. ಫೋನಿನಲ್ಲಿ ದುಡ್ಡು ಕಳಿಸಿ ಮಗುವಿನ ಹೆಸರು ಹಾಕದ ಪೋಷಕರು ಬಹುಪಾಲು ಹಳೆಯ ಬಾಕಿಯನ್ನೇ ಕಟ್ಟಿರುತ್ತಾರೆ. ಹಾಗೆ ಬರೆದರೆ ಒಂದೇ ಹಣಕ್ಕೆ ಸುಳ್ಳು ಮುಂಗಡವೊಂದು, ಸುಳ್ಳು ಬಾಕಿಯೊಂದು ಹುಟ್ಟುತ್ತವೆ. ಕಟ್ಟಿದ್ದೇನೆ ಎನ್ನುವ ಪೋಷಕರಿಗೆ ಬಾಕಿ ನೋಟಿಸು ಹೋಗಿ ಜಗಳವಾಗುವುದು ಇಲ್ಲಿಂದಲೇ.

ಒಂದು ಶಾಲೆಯ ವರ್ಷ

ಇನ್ನೂರು ಮಕ್ಕಳ ಕಾಲ್ಪನಿಕ ಶಾಲೆಯೊಂದರ 2024-25ರ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ನೋಡಬಹುದು. ವಾರ್ಷಿಕ ಶುಲ್ಕ 24,000. 12,000ದ ಎರಡು ಕಂತು. ಏಪ್ರಿಲ್ 1ರಂದು ಪುಸ್ತಕ ತೆರೆದಾಗ ಹಿಂದಿನ ಸಾಲಿನ ಬಾಕಿ 1,80,000 ಇದೆ. ಇಪ್ಪತ್ತು ಮಕ್ಕಳ ಪೋಷಕರು ಮಾರ್ಚ್‌ನಲ್ಲೇ ಮೊದಲ ಕಂತು ಕಟ್ಟಿದ್ದರಿಂದ ಮುಂಗಡ 2,40,000 ಇದೆ.

ವರ್ಷದ ಬೇಡಿಕೆ 48,00,000. ಒಡಹುಟ್ಟಿದವರಿಗೆ ಮತ್ತು ಸಿಬ್ಬಂದಿಯ ಮಕ್ಕಳಿಗೆ ಕೊಟ್ಟ ರಿಯಾಯಿತಿ 60,000 ಕಳೆದರೆ ಆದಾಯ 47,40,000. ಇದರಲ್ಲಿ 2,40,000 ಮುಂಗಡದಿಂದಲೇ ಹೊಂದಾಣಿಕೆಯಾಯಿತು, 42,90,000 ವರ್ಷದೊಳಗೆ ಬಂತು. ಉಳಿದದ್ದು 2,10,000. ಹಳೆಯ ಬಾಕಿಯಲ್ಲಿ 1,50,000 ವಸೂಲಾಗಿ 30,000 ನಿಂತಿತು. ಅದರಲ್ಲಿ ಊರು ಬಿಟ್ಟುಹೋದ ಕುಟುಂಬವೊಂದರ 12,000 ರೂಪಾಯಿಯನ್ನು ಮಂಡಳಿಯ ನಿರ್ಣಯದ ಮೇಲೆ ವಜಾ ಮಾಡಲಾಯಿತು, 18,000 ಉಳಿಯಿತು. 2025-26ಕ್ಕೆ ಕಂತು 13,000ಕ್ಕೆ ಏರಿದೆ, ಮೂವತ್ತು ಮಕ್ಕಳ ಮುಂಗಡ 3,90,000 ಮಾರ್ಚ್‌ನಲ್ಲಿ ಬಂದಿದೆ.

ಹಾಗಾದರೆ ಮಾರ್ಚ್ 31ರ ಅಡಾವೆ ಪತ್ರಿಕೆಯಲ್ಲಿ ಆಸ್ತಿಯ ಕಡೆ ಶುಲ್ಕ ಬಾಕಿ 2,28,000, ಹೊಣೆಯ ಕಡೆ ಮುಂಗಡ ಶುಲ್ಕ 3,90,000. ಎರಡನ್ನೂ ಒಂದೇ ಖಾತೆಯಲ್ಲಿ ಬೆರೆಸಿದ್ದರೆ ಕಾಣುತ್ತಿದ್ದದ್ದು 1,62,000ದ ಒಂಟಿ ಕ್ರೆಡಿಟ್ ಶಿಲ್ಕು. ಅದನ್ನು ನೋಡಿದವರು ಈ ಶಾಲೆಗೆ ಯಾರೂ ಒಂದು ಪೈಸೆ ಬಾಕಿ ಇಟ್ಟಿಲ್ಲ ಎಂದೇ ತಿಳಿಯುತ್ತಾರೆ.

ಸ್ವೀಕೃತಿ ಮತ್ತು ಪಾವತಿ ಖಾತೆಯಲ್ಲಿ ಶುಲ್ಕದ ಸಾಲಿನೆದುರು ಬರುವ ಅಂಕಿ ಇನ್ನೂ ವಿಚಿತ್ರ. ವರ್ಷದೊಳಗೆ ಕೈಗೆ ಬಂದದ್ದು 1,50,000, 42,90,000 ಮತ್ತು 3,90,000 ಸೇರಿ 48,30,000. ಇದನ್ನು ಇನ್ನೂರರಿಂದ ಭಾಗಿಸಿದರೆ ಮಗುವಿಗೆ 24,150. ಯಾರಿಗೂ ರಿಯಾಯಿತಿಯಿಲ್ಲದೆ, ಎಲ್ಲರೂ ಪೂರ್ತಿ ಕಟ್ಟಿದ್ದರೂ 24,000 ದಾಟುವಂತಿರಲಿಲ್ಲ. ಹೀಗೆ ತಲಾ ಅಂಕಿ ಶುಲ್ಕದ ದರವನ್ನೇ ಮೀರಿದರೆ ಬೇರೆ ವರ್ಷದ ಹಣ ಒಳಗೆ ಸೇರಿದೆ ಎಂದೇ ಅರ್ಥ. ಲೆಕ್ಕ ಬಾರದ ಮಂಡಳಿ ಸದಸ್ಯರೂ ಕೈಬೆರಳಲ್ಲಿ ಮಾಡಬಹುದಾದ ಪರೀಕ್ಷೆಯಿದು, ಎಷ್ಟೋ ಸಲ ಸಾಕಾಗುವ ಪರೀಕ್ಷೆಯೂ ಹೌದು. ಸರಿಯಾದ ಆದಾಯವನ್ನು ಭಾಗಿಸಿದರೆ 23,700 ಬರುತ್ತದೆ. ದರಕ್ಕಿಂತ 300 ಕಡಿಮೆ. ಅದು ರಿಯಾಯಿತಿಯ ಪಾಲು.

ನಗದಿನಿಂದ ಆದಾಯಕ್ಕೆ ನಡೆದು ಬರುವ ದಾರಿಯೂ ಇದೇ ಅಂಕಿಗಳಲ್ಲಿದೆ. ಬಂದ ಹಣ 48,30,000ಕ್ಕೆ ವಜಾ ಮಾಡುವ ಮೊದಲಿನ ವರ್ಷಾಂತ್ಯದ ಬಾಕಿ 2,40,000 ಕೂಡಿಸಿ, ಆರಂಭದ ಬಾಕಿ 1,80,000 ಕಳೆಯಬೇಕು. ಆರಂಭದ ಮುಂಗಡ 2,40,000 ಕೂಡಿಸಿ, ಕೊನೆಯ ಮುಂಗಡ 3,90,000 ಕಳೆಯಬೇಕು. 47,40,000 ಬರುತ್ತದೆ. ಇಲ್ಲಿ ವಜಾ ಮಾಡಿದ 12,000ವನ್ನು ಮರೆತು ವರ್ಷಾಂತ್ಯದ ಬಾಕಿ 2,28,000 ಎಂದು ಹಾಕಿದರೆ ಆದಾಯ 12,000 ಕಡಿಮೆ ಬಂದು ಎಲ್ಲಿ ತಪ್ಪಿತೆಂದು ಹುಡುಕಬೇಕಾಗುತ್ತದೆ. ವಜಾ ಒಂದು ಖರ್ಚು, ಅದು ಖರ್ಚಿನ ಕಡೆಯೇ ಕಾಣಬೇಕು.

ಕೊಟ್ಟವರು ಹೇಳಿದ್ದು ಯಾವುದಕ್ಕೆ?

ಮಾರ್ಚ್ ಕೊನೆಯ ವಾರ ಐದನೇ ತರಗತಿಯ ಹುಡುಗಿಯೊಬ್ಬಳ ತಂದೆ 15,000 ರೂಪಾಯಿ ತಂದು ಕೌಂಟರಿನಲ್ಲಿಡುತ್ತಾರೆ ಎನ್ನೋಣ. ಎರಡನೇ ಕಂತಿನಲ್ಲಿ 5,000 ಬಾಕಿಯಿದೆ. ಮುಂದಿನ ಕಂತು 13,000. ಗುಮಾಸ್ತರು ಅಭ್ಯಾಸಬಲದಿಂದ 5,000 ಹಳೆಯದಕ್ಕೆ, 10,000 ಮುಂಗಡಕ್ಕೆ ಎಂದು ಬರೆಯುತ್ತಾರೆ. ತಂದೆ ಹೇಳುತ್ತಾರೆ: "ಅಲ್ಲ ಸಾರ್, ಹದಿಮೂರು ಸಾವಿರ ಮುಂದಿನ ವರ್ಷದ್ದಕ್ಕೇ ಹಾಕಿ, ಸೀಟು ಹೋಗಬಾರದು. ಎರಡು ಸಾವಿರ ಹಳೇದಕ್ಕೆ. ಉಳಿದದ್ದು ಮೇ ತಿಂಗಳಲ್ಲಿ ಕೊಡ್ತೀನಿ."

ಯಾರ ಮಾತು ನಡೆಯಬೇಕು? 1872ರ ಭಾರತೀಯ ಕರಾರು ಅಧಿನಿಯಮದ 59, 60 ಮತ್ತು 61ನೇ ಕಲಮುಗಳು ಇದಕ್ಕೆಂದೇ ಇವೆ. ಒಂದಕ್ಕಿಂತ ಹೆಚ್ಚು ಬೇರೆ ಬೇರೆ ಸಾಲಗಳಿರುವವರು ಹಣ ಕೊಡುವಾಗ ಅದು ಯಾವುದಕ್ಕೆಂದು ಹೇಳಿದರೆ, ಅಥವಾ ಸಂದರ್ಭದಿಂದ ಅದು ತಿಳಿಯುವಂತಿದ್ದರೆ, ಹಣ ತೆಗೆದುಕೊಂಡವರು ಅದಕ್ಕೇ ಜಮೆ ಮಾಡಬೇಕು. ಹೇಳದಿದ್ದರೆ ತೆಗೆದುಕೊಂಡವರ ಇಷ್ಟ. ಇಬ್ಬರೂ ಏನೂ ನಿರ್ಧರಿಸದಿದ್ದರೆ ಹಳೆಯದು ಮೊದಲು. ಮುಂದಿನ ವರ್ಷದ ಕಂತು ಮಾರ್ಚ್‌ನಲ್ಲಿ ಇನ್ನೂ ಸಾಲವೇ ಆಗಿಲ್ಲ ಎಂದು ವಾದಿಸಬಹುದು ನಿಜ. ಆದರೂ ಕೊಟ್ಟವರು ಇಂಥದ್ದಕ್ಕೆ ಎಂದು ಹೇಳಿ ಕೊಟ್ಟ ಹಣವನ್ನು ಒಪ್ಪಿ ಪಡೆದು ಇನ್ನೊಂದಕ್ಕೆ ಬರೆದುಕೊಳ್ಳುವುದು ಅದೇ ತತ್ವಕ್ಕೆ ವಿರುದ್ಧ. ಹಳೆಯದು ತೀರದೆ ಹೊಸದನ್ನು ಪಡೆಯುವುದಿಲ್ಲ ಎಂಬ ನಿಯಮವಿರುವ ಶಾಲೆ ಅದನ್ನು ಹಣ ಮುಟ್ಟುವ ಮೊದಲು ಹೇಳಬೇಕು, ರಸೀದಿ ಪುಸ್ತಕದ ಮೇಲೂ ಅಚ್ಚು ಹಾಕಿಸಿರಬೇಕು.

ತಂದೆಯ ಮಾತಿನಂತೆ ಬರೆದರೆ ಆ ಹುಡುಗಿಯ ಹೆಸರಿನಲ್ಲೇ ಮಾರ್ಚ್ 31ರಂದು 3,000 ಬಾಕಿಯೂ 13,000 ಮುಂಗಡವೂ ನಿಲ್ಲುತ್ತವೆ. ಒಬ್ಬರದೇ ಆದ್ದರಿಂದ ಇದನ್ನಾದರೂ ನಿವ್ವಳ ಮಾಡಿ 10,000 ಮುಂಗಡ ಎಂದು ತೋರಿಸಬಾರದೇ ಎಂಬ ಪ್ರಶ್ನೆ ಆಡಿಟಿನ ಹೊತ್ತಿಗೆ ಏಳುತ್ತದೆ. ಹಾಗೆ ಮಾಡಿದರೆ ಅಡಾವೆ ಪತ್ರಿಕೆಗೆ ದೊಡ್ಡ ಅಪಾಯವೇನಿಲ್ಲ. ಆದರೆ ಜೂನ್‌ನಲ್ಲಿ ಈ ಮಗುವಿನ ಮೊದಲ ಕಂತಿನಲ್ಲಿ 3,000 ಕಡಿಮೆಯಿದೆ ಎಂದು ವಹಿ ಹೇಳುತ್ತದೆ, ತಂದೆಯ ಕೈಲಿರುವ ರಸೀದಿ ಪೂರ್ತಿ ಕಟ್ಟಿದ್ದಾರೆ ಎಂದು ಹೇಳುತ್ತದೆ. ರಸೀದಿಗೆ ವಿರುದ್ಧವಾಗಿ ವಹಿ ಮಾತಾಡಬಾರದು. ಎರಡನ್ನೂ ಬೇರೆಯಾಗಿಯೇ ಇಡುವುದು ಲೇಸು. ಒಂದು ಮಗುವಿನ ಮುಂಗಡವನ್ನು ಮತ್ತೊಂದು ಮಗುವಿನ ಬಾಕಿಗೆ ಕಳೆಯುವುದಂತೂ ಯಾವ ಸಂದರ್ಭದಲ್ಲೂ ಸಲ್ಲದು. ಅಣ್ಣತಮ್ಮಂದಿರಾದರೂ ಪೋಷಕರ ಒಪ್ಪಿಗೆ ಬರಹದಲ್ಲಿರಬೇಕು.

ರಸೀದಿಯೇ ಇಲ್ಲಿ ನಿರ್ಣಾಯಕ ಕಾಗದ. "ಶುಲ್ಕ ಬಾಬ್ತು 15,000" ಎಂದಷ್ಟೇ ಬರೆದ ರಸೀದಿಯಿಂದ ಆರು ತಿಂಗಳ ನಂತರ ಯಾರೂ ಏನನ್ನೂ ಹೇಳಲಾರರು. ಸಾಲು, ಕಂತು, ಮೊತ್ತ ಈ ಮೂರೂ ಬೇಕು. ಎರಡು ಸಾಲಿಗೆ ಹಂಚಿದ ಹಣವಾದರೆ ಒಂದೇ ರಸೀದಿಯಲ್ಲಿ ಎರಡು ಸಾಲಾಗಿ ಬರೆಯುವ ಬದಲು ಎರಡು ರಸೀದಿ ಹರಿಯುವ ಶಾಲೆಗಳಿವೆ. ಕಾಗದ ಹೆಚ್ಚು ಖರ್ಚಾದರೂ ತಪ್ಪಿಗೆ ಜಾಗ ಕಡಿಮೆ.

ಬಾಕಿಯಲ್ಲದ ಬಾಕಿ

ಮುಂಗಡವನ್ನು ಆದಾಯವೆಂದು ಬರೆಯುವ ತಪ್ಪು ಹಳೆಯದು. ಶಾಲಾ ತಂತ್ರಾಂಶಗಳಿಂದ ಬಂದ ಹೊಸ ತಪ್ಪು ಇದಕ್ಕೆ ತದ್ವಿರುದ್ಧ. ಮಾರ್ಚ್‌ನಲ್ಲಿ ಮುಂದಿನ ವರ್ಷದ ಶುಲ್ಕ ಪಡೆಯಬೇಕಾದರೆ ಕೆಲವು ತಂತ್ರಾಂಶಗಳಲ್ಲಿ ಆ ವರ್ಷದ ಬೇಡಿಕೆಯನ್ನು ಮೊದಲು ಎತ್ತಬೇಕಾಗುತ್ತದೆ. ಗುಂಡಿ ಒತ್ತಿದ ಕ್ಷಣ ಇನ್ನೂರು ಮಕ್ಕಳಿಗೂ 26,000ದಂತೆ 52 ಲಕ್ಷ ಬೇಡಿಕೆ ಹುಟ್ಟುತ್ತದೆ. ಅದು ಲೆಕ್ಕದ ಪುಸ್ತಕಕ್ಕೆ ತಾನಾಗಿ ಹರಿದು ಬಂದರೆ ಮಾರ್ಚ್ 31ಕ್ಕೆ ಒಂದೇ ವರ್ಷದಲ್ಲಿ ಎರಡು ವರ್ಷದ ಆದಾಯ, ಜೊತೆಗೆ ಅರ್ಧ ಕೋಟಿಯ ಹತ್ತಿರದ ಬಾಕಿ ಕಾಣಿಸುತ್ತದೆ. ಮೇಲೆ ಹೇಳಿದ ತಲಾ ಲೆಕ್ಕ ಇಲ್ಲೂ ತಕ್ಷಣ ಎಚ್ಚರಿಸುತ್ತದೆ. ಶುರುವಾಗದ ಅವಧಿಗೆ ಬಾಕಿ ಎಂಬುದಿಲ್ಲ. ನೋಟಿಸು ಕೊಟ್ಟಿದ್ದರೂ, ಕಡೆಯ ದಿನ ದಾಟಿದ್ದರೂ, ಆ ಮಗು ಜೂನ್‌ನಲ್ಲಿ ಬಾರದೇ ಹೋಗಬಹುದು. ಮುಂದಿನ ಸಾಲಿನ ಬೇಡಿಕೆಯನ್ನು ಸಂಗ್ರಹದ ಪಟ್ಟಿಯಾಗಿ ಮಾತ್ರ ಇಟ್ಟು, ಲೆಕ್ಕಕ್ಕೆ ಅವಧಿಯ ಮೊದಲ ದಿನ ತರಬೇಕು.

ಮುಂದಿನ ದಿನಾಂಕ ಹಾಕಿ ಕೊಟ್ಟ ಚೆಕ್ಕುಗಳೂ ಇದೇ ಜಾತಿಯವು. ಡ್ರಾಯರಿನಲ್ಲಿ ಜೂನ್ 5ರ ಚೆಕ್ಕಿದ್ದರೆ ಮಾರ್ಚ್‌ನಲ್ಲಿ ಅದು ಮುಂಗಡವಲ್ಲ, ಬರೀ ಕಾಗದ. ಮಾರ್ಚ್ 30ರಂದು ಪಡೆದು ಅಂದೇ ಬ್ಯಾಂಕಿಗೆ ಹಾಕಿದ ಚೆಕ್ಕು ಬೇರೆ; ಅದನ್ನು ಮುಂಗಡವೆಂದೇ ಬರೆದು, ಬ್ಯಾಂಕ್ ಹೊಂದಾಣಿಕೆ ಪಟ್ಟಿಯಲ್ಲಿ ತೋರಿಸಬೇಕು. ಅದು ಏಪ್ರಿಲ್‌ನಲ್ಲಿ ವಾಪಸಾದರೆ ಮುಂಗಡವನ್ನು ರದ್ದು ಮಾಡುವುದಷ್ಟೇ ಕೆಲಸ. ಬಾಕಿ ಎಂದು ಮಾರ್ಪಡಿಸುವ ಹಾಗಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಡಿ ಸೇರಿದ ಮಕ್ಕಳ ಶುಲ್ಕ ಸರ್ಕಾರದಿಂದ ಬರಬೇಕಾದದ್ದು. ಅದನ್ನು ಪೋಷಕರ ಬಾಕಿಯೊಂದಿಗೆ ಸೇರಿಸಬಾರದು. ಇಲ್ಲಿ ಬೇಡಿಕೆಯ ಮೊತ್ತ ಶಾಲೆಯ ಪಟ್ಟಿಯ ದರವಲ್ಲ. ಕಾಯ್ದೆಯ 12(2)ನೇ ಕಲಮಿನಂತೆ ಸರ್ಕಾರ ಮಗುವೊಂದಕ್ಕೆ ಮಾಡುವ ವೆಚ್ಚ ಮತ್ತು ಶಾಲೆ ನಿಜವಾಗಿ ಪಡೆಯುವ ಶುಲ್ಕ, ಇವೆರಡರಲ್ಲಿ ಕಡಿಮೆಯದು. ಕರ್ನಾಟಕ ಒಂದನೇ ತರಗತಿಯಿಂದ ಮೇಲಕ್ಕೆ ಗರಿಷ್ಠ 16,000, ಪೂರ್ವ ಪ್ರಾಥಮಿಕಕ್ಕೆ 8,000 ರೂಪಾಯಿ ಎಂದು ಮಿತಿ ಹಾಕಿತ್ತು. ನಮ್ಮ ಉದಾಹರಣೆಯ ಶಾಲೆ ಅಂಥ ಮಗುವಿಗೂ 24,000ದ ಬೇಡಿಕೆ ಎತ್ತಿದರೆ 8,000 ಎಂದೆಂದಿಗೂ ಬಾರದ ಬಾಕಿಯಾಗಿ ಪುಸ್ತಕದಲ್ಲಿ ಕೂತಿರುತ್ತದೆ.

ಎತ್ತಿದ ಬೇಡಿಕೆ ಇಳಿದಾಗ

ಬಾಕಿಯೆಂದು ಬರೆದದ್ದು ಬಾಕಿಯಾಗಿಯೇ ಉಳಿಯುತ್ತದೆ ಎನ್ನುವಂತಿಲ್ಲ. ಕೋವಿಡ್ ವರ್ಷದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಂಡಿತು. 2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರ 2020-21ಕ್ಕೆ ಹಿಂದಿನ ಸಾಲಿನ ಬೋಧನಾ ಶುಲ್ಕದ ಶೇ. 70ನ್ನು ಮಾತ್ರ ಪಡೆಯಬೇಕೆಂದು ಆದೇಶಿಸಿತು. ಅದೇ ವರ್ಷದ ಮೇ 3ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ಖಾಸಗಿ ಶಾಲೆಗಳ ಪ್ರಕರಣದಲ್ಲಿ ವಾರ್ಷಿಕ ಶುಲ್ಕದಲ್ಲಿ ಶೇ. 15 ಇಳಿಸಬೇಕೆಂದು ತೀರ್ಪಿತ್ತಿತು. ಜೂನ್‌ನಲ್ಲೇ ಪೂರ್ತಿ ಬೇಡಿಕೆ ಎತ್ತಿದ್ದ ಶಾಲೆಗೆ ಇಂಥ ಇಳಿಕೆ ಬಂದರೆ ಅದನ್ನು ವಸೂಲಾಗದ ಸಾಲವೆಂದು ವಜಾ ಮಾಡುವುದು ತಪ್ಪು. ಆ ಹಣ ಶಾಲೆಗೆ ಬರಬೇಕಾದದ್ದೇ ಅಲ್ಲ ಎಂದಾದ ಮೇಲೆ ಇಳಿಸಬೇಕಾದದ್ದು ಆದಾಯವನ್ನು: ಶುಲ್ಕ ಆದಾಯ ಖಾತೆಗೆ ಡೆಬಿಟ್, ಶುಲ್ಕ ಬಾಕಿ ಖಾತೆಗೆ ಕ್ರೆಡಿಟ್.

ಕಟ್ಟದೆ ಉಳಿದಿದ್ದವರ ಬಾಕಿ ಹೀಗೆ ಇಳಿಯುತ್ತದೆ. ಪೂರ್ತಿ ಕಟ್ಟಿಬಿಟ್ಟಿದ್ದವರ ಖಾತೆಯಲ್ಲಿ ಅದೇ ನಮೂದಿನಿಂದ ಕ್ರೆಡಿಟ್ ಶಿಲ್ಕು ಹುಟ್ಟುತ್ತದೆ. 24,000 ಕಟ್ಟಿದ್ದವರಿಗೆ ಶೇ. 15 ಎಂದರೆ 3,600. ಅವರು ಮುಂದಿನ ವರ್ಷಕ್ಕೆಂದು ಏನನ್ನೂ ಕೊಟ್ಟಿರಲಿಲ್ಲ, ಆದರೂ ಅಷ್ಟು ಹಣ ಮುಂಗಡವಾಗಿ ನಿಂತಿತು. ಮಗು ಅದೇ ಶಾಲೆಯಲ್ಲಿ ಮುಂದುವರಿದರೆ ಮುಂದಿನ ಕಂತಿಗೆ ಹೊಂದಾಣಿಕೆ, ಟಿ.ಸಿ. ತೆಗೆದುಕೊಂಡರೆ ಹಿಂದಿರುಗಿಸಬೇಕಾದ ಹಣ. ಆರನೇ ಅಥವಾ ಎಂಟನೇ ತರಗತಿಗೆ ಬೇರೆ ಶಾಲೆಗೆ ಹೋಗುವ ಮಕ್ಕಳ ಶಿಲ್ಕು ಹೀಗೆ ಮುಂಗಡ ಖಾತೆಯಲ್ಲೇ ಮರೆತು ಉಳಿಯುವುದುಂಟು. ಜೂನ್ ಕೊನೆಗೆ ಮುಂಗಡ ಖಾತೆಯ ಪಟ್ಟಿ ತೆಗೆದರೆ ಇಂಥ ಹೆಸರುಗಳು ಎದ್ದು ಕಾಣುತ್ತವೆ. ಮೊದಲ ಅವಧಿಯ ಹೊಂದಾಣಿಕೆಗಳೆಲ್ಲ ಮುಗಿದ ಮೇಲೂ ಅಲ್ಲಿ ಉಳಿದವರು ಎರಡನೇ ಕಂತನ್ನೂ ಮೊದಲೇ ಕಟ್ಟಿದವರಾಗಿರಬೇಕು, ಇಲ್ಲವೇ ಶಾಲೆಯನ್ನೇ ಬಿಟ್ಟವರಾಗಿರಬೇಕು. ಹಾಜರಿ ಪುಸ್ತಕದೊಂದಿಗೆ ತಾಳೆ ಹಾಕಿದರೆ ಯಾರು ಯಾವ ಗುಂಪಿನವರೆಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ನಗದು ಪದ್ಧತಿಯ ಶಾಲೆಗಳು

ಸಣ್ಣ ಟ್ರಸ್ಟುಗಳು ನಡೆಸುವ ಹಲವು ಶಾಲೆಗಳು ಬಂದದ್ದನ್ನು ಬಂದ ದಿನ, ಕೊಟ್ಟದ್ದನ್ನು ಕೊಟ್ಟ ದಿನ ಮಾತ್ರ ಬರೆಯುತ್ತವೆ. ಅಲ್ಲಿ ಮುಂಗಡವೂ ಬಾಕಿಯೂ ಅಡಾವೆ ಪತ್ರಿಕೆಗೆ ಬರುವುದೇ ಇಲ್ಲ; ಡಿಸಿಬಿ ವಹಿಯೊಂದೇ ಅವುಗಳ ನೆಲೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ಬಡ ಪದ್ಧತಿಯಾದರೂ ಅಪ್ರಾಮಾಣಿಕವಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 145ನೇ ಕಲಮು ನಗದು ಪದ್ಧತಿ ಮತ್ತು ಸಂಚಯ ಪದ್ಧತಿ ಎರಡಕ್ಕೂ ಅವಕಾಶ ಕೊಟ್ಟಿತ್ತು. ಎರಡನ್ನೂ ಬೆರೆಸುವ ಪದ್ಧತಿಗೆ ಮಾತ್ರ 1997-98ರ ತೆರಿಗೆ ನಿರ್ಧಾರಣಾ ವರ್ಷದಿಂದ ಬಾಗಿಲು ಮುಚ್ಚಿತು. ಬೆರಕೆಯ ಅತ್ಯಂತ ಸಾಮಾನ್ಯ ರೂಪವೆಂದರೆ ಬಾಕಿಯನ್ನು ಸಂಚಯದಂತೆ ಆದಾಯಕ್ಕೆ ಸೇರಿಸಿ, ಮುಂಗಡವನ್ನು ನಗದಿನಂತೆ ಅದೇ ವರ್ಷದ ಆದಾಯಕ್ಕೆ ಸೇರಿಸುವುದು. ನಮ್ಮ ಶಾಲೆಯಲ್ಲಿ ಹಾಗೆ ಮಾಡಿದ್ದರೆ ಈ ವರ್ಷದ ಆದಾಯಕ್ಕೆ 3,90,000 ಕೂಡುತ್ತಿತ್ತು, ಹಿಂದಿನ ವರ್ಷವೇ ಆದಾಯವೆಂದು ಬರೆದ 2,40,000 ಕಳೆಯುತ್ತಿತ್ತು, 48,90,000 ಬರುತ್ತಿತ್ತು. ಪ್ರತಿ ವರ್ಷ ಮುಂಗಡ ಕಟ್ಟುವವರು ಹೆಚ್ಚುತ್ತಿರುವವರೆಗೆ ಇಂಥ ಶಾಲೆ ಇರುವುದಕ್ಕಿಂತ ಚೆನ್ನಾಗಿಯೇ ಕಾಣುತ್ತಿರುತ್ತದೆ. ಯಾವುದೋ ಒಂದು ಮಾರ್ಚ್‌ನಲ್ಲಿ ಪೋಷಕರು ಜೂನ್‌ವರೆಗೆ ಕಾಯೋಣ ಎಂದುಕೊಂಡರೆ ಮಕ್ಕಳ ಸಂಖ್ಯೆ ಒಂದೂ ಕಡಿಮೆಯಾಗದೆ ಆದಾಯ ಕುಸಿಯುತ್ತದೆ.